ಬೆರಳಿಟ್ಟು ನೋಡಬೇಕಾದ ಹೃದಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕೆಲವು ದಿನಗಳಾಗಿದ್ದವು. ಎದುರು ಮನೆಯ ತಾಯಿ ಮಗಳು ವಿಜ್ಞಾನದ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು, ಅದನ್ನು ಹಿಡಿದು ನಮ್ಮ ಜಗುಲಿಗೆ ಬಂದರು. ನಾನು ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿದವನು, ಮೌಲ್ಯಮಾಪನಕ್ಕೂ ಹೋಗಿ ಬಂದವನು ಎಂಬುದು ಅವರಿಗೆ ಗೊತ್ತು. ತಾಯಿ ಕೂರುವ ಮೊದಲೇ ಹಾಳೆ ಮುಂದಿಟ್ಟರು.

‘ಮೇಷ್ಟ್ರೇ, ಈ ಹಾರ್ಟು ನೋಡಿ. ಪುಸ್ತಕದಲ್ಲಿ ಇರೋ ಹಾಗೇ ಇದೆ. ಮೂರಕ್ಕೆ ಎರಡು ಹಾಕಿದ್ದಾರೆ. ಒಂದು ಅಂಕ ಎಲ್ಲಿಗೆ ಹೋಯ್ತು?’

ಪ್ರಶ್ನೆ ಹಳೆಯ ಪರಿಚಯದ್ದೇ. ಮಾನವನ ಹೃದಯದ ನೀಳಛೇದದ ಚಿತ್ರ ಬರೆದು ಎರಡು ಭಾಗ ಗುರುತಿಸಬೇಕು. ಒಂದು ಮಹಾಪಧಮನಿ, ಇನ್ನೊಂದು, ಶ್ವಾಸಕೋಶಗಳಿಂದ ಬರುವ ರಕ್ತವನ್ನು ಪಡೆಯುವ ಕೋಣೆ. ಚಿತ್ರಕ್ಕೆ ಎರಡು ಅಂಕ, ಹೆಸರುಗಳಿಗೆ ಅರ್ಧರ್ಧ. ಹುಡುಗಿಯ ಚಿತ್ರ ನಿಜಕ್ಕೂ ಅಂದವಾಗಿತ್ತು. ಗೆರೆ ಎಲ್ಲೂ ನಡುಗಿರಲಿಲ್ಲ, ಗೋಡೆಗಳಿಗೆ ನವಿರಾಗಿ ಚುಕ್ಕಿ ಇಟ್ಟಿದ್ದಳು. ಒಂದೇ ನೋಟಕ್ಕೆ ತಾಯಿಯ ಮಾತು ನ್ಯಾಯವೆನಿಸುತ್ತಿತ್ತು. ಆದರೆ ಹೃದಯದ ಚಿತ್ರವನ್ನು ಒಂದೇ ನೋಟಕ್ಕೆ ತಿದ್ದಲಾಗದು. ಅದು ಕೊಳಾಯಿ ಜೋಡಿಸಿದ ನಕ್ಷೆಯಂಥದು. ನೀರು ಹರಿಸಿ ನೋಡಿದರೇ ಸೋರುವುದು ಎಲ್ಲಿ, ಕಟ್ಟಿಕೊಂಡಿರುವುದು ಎಲ್ಲಿ ಎಂದು ತಿಳಿಯುವುದು.

ಮೊದಲು ಹೆಸರುಗಳನ್ನು ನೋಡಿದೆ. ಹೆಸರು ಓದುವುದಕ್ಕಿಂತ ಆ ಹೆಸರಿನಿಂದ ಹೊರಟ ಗೆರೆಯ ತುದಿ ಎಲ್ಲಿ ನಿಂತಿದೆ ಎಂದು ನೋಡುವುದು ಮುಖ್ಯ. ಕೋಣೆಯನ್ನು ಗುರುತಿಸುವ ಗೆರೆ ಗೋಡೆಯನ್ನು ದಾಟಿ ಒಳಗಿನ ಖಾಲಿ ಜಾಗದಲ್ಲಿ ನಿಲ್ಲಬೇಕು. ಗೋಡೆಯ ಮೇಲೇ ನಿಂತರೆ ಹೇಳುತ್ತಿರುವುದು ಕೋಣೆಯನ್ನೋ ಸ್ನಾಯುವನ್ನೋ ಗೊತ್ತಾಗದು. ಹೃದಯದ ನೆತ್ತಿಯ ಮೇಲಂತೂ ನಾಲ್ಕೈದು ನಳಿಕೆಗಳು ಒತ್ತಾಗಿ ನಿಂತಿರುತ್ತವೆ. ಗೆರೆ ಒಂದು ಕಾಳಿನಷ್ಟು ಗಿಡ್ಡವಾದರೂ ಮಹಾಪಧಮನಿಯ ಹೆಸರು ಪಕ್ಕದ ನಳಿಕೆಗೆ ಹೋಗಿಬಿಡುತ್ತದೆ. ಹುಡುಗಿ ಇಲ್ಲಿ ತಪ್ಪಿರಲಿಲ್ಲ. ಮೇಲೆ ಕೊಡೆಯ ಹಿಡಿಯಂತೆ ಬಾಗಿದ ನಳಿಕೆಗೇ ಗೆರೆ ಮುಟ್ಟಿತ್ತು. ಅದಕ್ಕೆ ಅರ್ಧ ಅಂಕ ಬಂದಿತ್ತು.

ಎರಡನೆಯ ಹೆಸರಿನಲ್ಲಿ ಎಡವಿದ್ದಳು. ಶ್ವಾಸಕೋಶದಿಂದ ಬರುವ ರಕ್ತ ಎಡ ಹೃತ್ಕರ್ಣಕ್ಕೆ ಸೇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಹಾಗೇ ಬರೆದೂ ಇದ್ದಳು. ಆದರೆ ಗೆರೆ ಎಳೆದದ್ದು ಹಾಳೆಯ ಎಡಗಡೆಯ ಮೇಲಿನ ಕೋಣೆಗೆ. ಅದು ಬಲ ಹೃತ್ಕರ್ಣ.

‘ಎಡಗಡೆ ಇರೋದು ಎಡ ಅಲ್ವಾ?’ ಎಂದರು ತಾಯಿ.

ಆ ಹಾಳೆಯನ್ನೇ ಹುಡುಗಿಯ ಕೈಗೆ ಕೊಟ್ಟು, ‘ಚಿತ್ರ ನಮ್ಮ ಕಡೆ ಕಾಣೋ ಹಾಗೆ ಎದೆಗೆ ಒತ್ತಿ ಹಿಡಿಯಮ್ಮ’ ಎಂದೆ. ಹಿಡಿದಳು. ನಾವು ಹಾಳೆಯ ಎಡಭಾಗ ಎನ್ನುತ್ತಿದ್ದದ್ದು ಅವಳ ಬಲಗೈ ಕಡೆಗಿತ್ತು. ಪುಸ್ತಕದ ಹೃದಯ ನಮ್ಮೆದುರು ನಿಂತವರ ಹೃದಯ. ಅದರ ಎಡಬಲ ಅವರದು, ನೋಡುವವರದಲ್ಲ. ತರಗತಿಯಲ್ಲಿ ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ಮರೆಯುತ್ತಾರೆ, ಒಮ್ಮೆ ಎದೆಗೆ ಹಿಡಿದವರು ಸಾಮಾನ್ಯವಾಗಿ ಮರೆಯುವುದಿಲ್ಲ.

ಇಲ್ಲಿ ತಿದ್ದುವವರಿಗೆ ಒಂದು ಸೂಕ್ಷ್ಮವಿದೆ. ಕೆಲವು ಮಕ್ಕಳು ಇಡೀ ಹೃದಯವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದಿರುತ್ತಾರೆ. ಇನ್ನು ಕೆಲವರು ಚಿತ್ರವನ್ನು ಪುಸ್ತಕದಂತೆಯೇ ಬರೆದು ಹೆಸರನ್ನು ಮಾತ್ರ ಅದಲು ಬದಲು ಮಾಡಿರುತ್ತಾರೆ. ಎರಡೂ ಒಂದೇ ತಪ್ಪಿನಂತೆ ಕಂಡರೂ ಒಂದೇ ಅಲ್ಲ. ಬೇರ್ಪಡಿಸಿ ತೋರಿಸುವುದು ಕೆಳಗಿನ ಕೋಣೆಗಳ ಗೋಡೆ. ಎಡ ಹೃತ್ಕುಕ್ಷಿ ತಲೆಯಿಂದ ಪಾದದವರೆಗೆ ಇಡೀ ದೇಹಕ್ಕೆ ರಕ್ತ ತಳ್ಳಬೇಕು. ಅದು ಹಿಂಡಿದಾಗ ಒಳಗಿನ ಒತ್ತಡ ಪಾದರಸದ ಸುಮಾರು 120 ಮಿಲಿಮೀಟರಿಗೆ ಏರುತ್ತದೆ. ಬಲ ಹೃತ್ಕುಕ್ಷಿಯ ಕೆಲಸ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಲುಪಿಸುವುದು, ಅದಕ್ಕೆ ಸುಮಾರು 25 ಸಾಕು. ಹಾಗಾಗಿ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಎಡ ಎಂದು ಬರೆದ ಕಡೆಯೇ ದಪ್ಪ ಗೋಡೆ ಇದ್ದು, ಮಹಾಪಧಮನಿಯೂ ಅಲ್ಲಿಂದಲೇ ಹೊರಟಿದ್ದರೆ ಆ ಮಗು ಹೃದಯವನ್ನು ಅರಿತು, ದಿಕ್ಕನ್ನು ಮಾತ್ರ ತಪ್ಪಿದೆ. ಎಡ ಎಂದು ಬರೆದ ಕಡೆ ತೆಳು ಗೋಡೆ ಇದ್ದರೆ ಕೈ ಪುಸ್ತಕವನ್ನು ನಕಲು ಮಾಡಿದೆ, ತಲೆ ಬೇರೆಲ್ಲೋ ಇತ್ತು. ಮಾದರಿ ಉತ್ತರ ಇಬ್ಬರ ಅಂಕವನ್ನೂ ಒಂದೇ ರೀತಿ ಕತ್ತರಿಸಬಹುದು. ಶಾಲೆಯ ಕಿರುಪರೀಕ್ಷೆಯಲ್ಲಿ ನಾನು ಹಾಗೆ ಮಾಡುತ್ತಿರಲಿಲ್ಲ, ಮೊದಲನೆಯವರಿಗೆ ಸ್ವಲ್ಪ ಕೈ ಸಡಿಲ ಬಿಡುತ್ತಿದ್ದೆ.

ನಮ್ಮ ಹುಡುಗಿ ಎರಡನೆಯ ಗುಂಪಿನವಳು. ದಪ್ಪ ಗೋಡೆ ಹಾಳೆಯ ಬಲಕ್ಕಿತ್ತು, ಎಡ ಹೃತ್ಕರ್ಣದ ಹೆಸರು ಹಾಳೆಯ ಎಡಕ್ಕೆ.

‘ಸರಿ, ಅರ್ಧ ಅಂಕ ಇಲ್ಲಿ ಹೋಯ್ತು. ಇನ್ನರ್ಧ?’ ತಾಯಿ ಲೆಕ್ಕ ಬಿಡುವವರಲ್ಲ.

ಅದು ಚಿತ್ರದೊಳಗೆ ಅಡಗಿತ್ತು. ‘ದಪ್ಪ ಗೋಡೆಯ ಕೋಣೆಯೊಳಗೆ ಬೆರಳಿಡು. ಬೆರಳು ಎತ್ತದೆ, ಗೆರೆ ದಾಟದೆ ಮೇಲಕ್ಕೆ ಹೋಗು. ಎಲ್ಲಿಗೆ ಹೋಗಿ ಸೇರ್ತೀಯ ನೋಡು’ ಎಂದೆ. ಎಡ ಹೃತ್ಕುಕ್ಷಿಯಿಂದ ಹೊರಟ ಬೆರಳು ಮಹಾಪಧಮನಿಯ ಬಾಗಿನಿಂದ ಹೊರಬರಬೇಕು. ಅವಳ ಬೆರಳು ಪುಪ್ಪುಸಕ ಅಪಧಮನಿಗೆ, ಅಂದರೆ ಶ್ವಾಸಕೋಶಕ್ಕೆ ಹೋಗುವ ನಳಿಕೆಗೆ ಸೇರಿತು. ಆ ಕಡೆಯ ಕೋಣೆಯಿಂದ ಹೊರಟರೆ ಮಹಾಪಧಮನಿ. ಮೇಲಿನಿಂದ ನೋಡಿದರೆ ನಳಿಕೆಗಳೆಲ್ಲ ಸರಿ; ಬುಡಗಳು ಮಾತ್ರ ಅದಲು ಬದಲು.

ಇದು ಕಾಟಾಚಾರಕ್ಕೆ ಬರೆಯುವವರ ತಪ್ಪಲ್ಲ, ಶ್ರದ್ಧೆಯಿಂದ ಬರೆಯುವವರೂ ಬೀಳುವ ಹಳ್ಳ. ಕಾರಣ ಹೃದಯದ ಕಟ್ಟಡದಲ್ಲೇ ಇದೆ. ಬಲ ಹೃತ್ಕುಕ್ಷಿಯಿಂದ ಹೊರಟ ಪುಪ್ಪುಸಕ ಅಪಧಮನಿ ಮಹಾಪಧಮನಿಯ ಬುಡದ ಮುಂದೆ ಹಾದು ಎಡಕ್ಕೆ ವಾಲಿಕೊಳ್ಳುತ್ತದೆ. ಎಡ ಹೃತ್ಕುಕ್ಷಿಯಿಂದ ಹೊರಟ ಮಹಾಪಧಮನಿ ಅದರ ಹಿಂದಿನಿಂದ ಬಲಕ್ಕೆ ಏರಿ, ಮತ್ತೆ ಬಾಗಿ ಹಿಂದಕ್ಕೆ ಇಳಿಯುತ್ತದೆ. ಹೆಣೆದ ಜಡೆಯ ಎರಡು ಕಾಲುಗಳು ಒಂದರ ಮೇಲೊಂದು ಹಾದಂತೆ. ಚಪ್ಪಟೆ ಹಾಳೆಯ ಮೇಲೆ ಈ ಹಾಯುವಿಕೆಯನ್ನು ತೋರಿಸಲು ಒಂದೇ ದಾರಿ: ಮುಂದಿನ ನಳಿಕೆಯ ಗೆರೆ ಮುರಿಯದೆ ಹೋಗಬೇಕು, ಹಿಂದಿನದರ ಗೆರೆ ಅಲ್ಲಿಗೆ ಬಂದು ನಿಂತು ಆಚೆ ಮತ್ತೆ ಶುರುವಾಗಬೇಕು. ಮಕ್ಕಳು ಸಾಮಾನ್ಯವಾಗಿ ಹೊರಗಿನ ಆಕಾರವನ್ನು ಮೊದಲು ಬರೆದು, ನಳಿಕೆಗಳನ್ನು ಮೇಲೆ ನೆಟ್ಟು, ಕೊನೆಗೆ ಒಳಗಿನ ಕೋಣೆ ಕೊರೆಯುತ್ತಾರೆ. ಆಗ ಯಾವ ನಳಿಕೆ ಯಾವ ಕೋಣೆಯ ನೇರಕ್ಕೆ ಬಂತೋ ಅದಕ್ಕೇ ಕೂಡಿಬಿಡುತ್ತದೆ. ಕೋಣೆಗಳಿಂದ ಶುರುಮಾಡಿ, ಪುಪ್ಪುಸಕ ಅಪಧಮನಿಯನ್ನು ಪೂರ್ತಿ ಎಳೆದು, ಆಮೇಲೆ ಅದರ ಹಿಂದಿನಿಂದ ಮಹಾಪಧಮನಿಯನ್ನು ತಂದರೆ ಈ ಗೋಜಲು ಹುಟ್ಟುವುದೇ ಇಲ್ಲ.

ಹುಡುಗಿ ಸುಮ್ಮನೆ ಕೂರಲಿಲ್ಲ. ಇನ್ನೊಂದು ಪುಟ ತೆರೆದು, ‘ಆದ್ರೆ ರಕ್ತದ ದಾರಿ ಬರೆದಿದ್ದಕ್ಕೆ ಪೂರ್ತಿ ಬಂದಿದೆ ಸರ್’ ಎಂದಳು. ನೋಡಿದೆ. ಮಹಾ ಅಭಿಧಮನಿಗಳಿಂದ ಬಲ ಹೃತ್ಕರ್ಣ, ಅಲ್ಲಿಂದ ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ದೇಹ. ಒಂದೂ ಹಿಂದುಮುಂದಾಗಿಲ್ಲ. ಮಾತಿನಲ್ಲಿ ಸರಿಯಾಗಿ ಹರಿದ ರಕ್ತ ಅವಳದೇ ಚಿತ್ರದಲ್ಲಿ ದಾರಿ ತಪ್ಪಿತ್ತು. ಮೌಲ್ಯಮಾಪನದಲ್ಲಿ ಇಂಥ ಪತ್ರಿಕೆಗಳನ್ನು ನಾನು ಎಷ್ಟು ಕಂಡಿದ್ದೇನೋ ಲೆಕ್ಕವಿಲ್ಲ. ದಾರಿಯನ್ನು ಮಗ್ಗಿಯಂತೆ ಕಲಿತಿರುತ್ತಾರೆ, ಚಿತ್ರವನ್ನು ರಂಗೋಲಿಯಂತೆ. ಇವೆರಡೂ ಒಂದೇ ವಸ್ತುವಿನವು ಎಂದು ಯಾರೂ ಪರಿಚಯಿಸಿರುವುದಿಲ್ಲ.

ದಾರಿ ಬರೆಯುವುದರಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದು ಒಂದೇ ಜಾಗದಲ್ಲಿ. ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ, ಅಭಿಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತ ಎಂದು ಕಲಿತಿರುತ್ತಾರೆ. ಶ್ವಾಸಕೋಶದ ಬಳಿ ಆ ಸೂತ್ರ ಕೈಕೊಡುತ್ತದೆ. ಹೆಸರು ಬಂದಿರುವುದು ರಕ್ತದ ಗುಣದಿಂದಲ್ಲ, ಅದು ಸಾಗುವ ದಿಕ್ಕಿನಿಂದ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ. ಪುಪ್ಪುಸಕ ಅಪಧಮನಿ ಹೊರಗೆ ಒಯ್ಯುತ್ತದೆ, ಆದರೆ ಇನ್ನೂ ಆಮ್ಲಜನಕ ತುಂಬಿಕೊಳ್ಳಬೇಕಾದ ರಕ್ತವನ್ನು. ಉತ್ತರದಲ್ಲಿ ಎಡ ಹೃತ್ಕರ್ಣಕ್ಕೆ ‘ಪುಪ್ಪುಸಕ ಅಪಧಮನಿಯಿಂದ’ ರಕ್ತ ಬಂದಿದ್ದರೆ ಆ ಮಗು ಯಾವ ಸೂತ್ರ ಹಿಡಿದು ಹೊರಟಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ನನಗೆ ಸ್ವಲ್ಪ ಪ್ರೀತಿಯದು: ಎಡ ಬಲ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಸಂದು ಬಿಡುವುದು. ಅವಸರದಲ್ಲಿ ಗೆರೆ ಮುಟ್ಟಿಸದೆ ಬಿಟ್ಟಿರುತ್ತಾರೆ, ಅಷ್ಟೆ. ಆದರೆ ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದೇ ಬರೆದಿದ್ದ. ಜಗತ್ತು ನೂರಾರು ವರ್ಷ ಅದನ್ನು ನಂಬಿತು. ಅಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಸುತ್ತಿ ಬರಬೇಕು ಎಂದು 13ನೆಯ ಶತಮಾನದಲ್ಲಿ ಇಬ್ನ್ ಅಲ್ ನಫೀಸ್ ಬರೆದ. ಇಡೀ ದೇಹದ ಸುತ್ತು ವಿಲಿಯಂ ಹಾರ್ವೆಯ 1628ರ ಪುಸ್ತಕದಲ್ಲಿ ಸ್ಪಷ್ಟವಾಯಿತು. ಹುಟ್ಟುವಾಗಲೇ ಆ ಗೋಡೆಯಲ್ಲಿ ನಿಜವಾದ ರಂಧ್ರ ಇರುವ ಶಿಶುಗಳೂ ಉಂಟು, ಅದು ಹೃದಯದ ಕಾಯಿಲೆ. ಪತ್ರಿಕೆಯಲ್ಲಿ ಮಾತ್ರ ಅದು ಅರೆ ಅಂಕದ ವಿಷಯ.

ಚಿತ್ರದಿಂದ ತಿಳಿಯಲಾಗದ ತಪ್ಪೂ ಒಂದಿದೆ. ದಾರಿಯನ್ನು ಸಾಲಾಗಿ ಬರೆಯುವುದರಿಂದ ಮೊದಲು ಬಲಭಾಗ ಬಡಿಯುತ್ತದೆ, ಆಮೇಲೆ ಎಡಭಾಗ ಎಂದು ಎಷ್ಟೋ ಮಕ್ಕಳು ಭಾವಿಸುತ್ತಾರೆ. ಎರಡೂ ಹೃತ್ಕರ್ಣಗಳು ಒಟ್ಟಿಗೇ ಸಂಕುಚಿಸುತ್ತವೆ, ಬೆನ್ನಿಗೇ ಎರಡೂ ಹೃತ್ಕುಕ್ಷಿಗಳು ಒಟ್ಟಿಗೆ. ಒಂದು ಹನಿ ರಕ್ತಕ್ಕೆ ಬಲ ಮೊದಲು, ಎಡ ಆಮೇಲೆ; ಹೃದಯಕ್ಕೆ ಎರಡೂ ಏಕಕಾಲ. ಇದನ್ನು ಹಿಡಿಯಬೇಕಾದರೆ ಎದುರಿಗೆ ಕೂರಿಸಿ ಕೇಳಬೇಕು, ಕೆಂಪು ಪೆನ್ನಿನಿಂದ ಆಗದು.

ಹುಡುಗಿ ಅಷ್ಟರಲ್ಲಿ ನನ್ನ ಮೇಜಿನ ಪೆನ್ಸಿಲ್ ತೆಗೆದುಕೊಂಡು, ತಾನು ಬರೆದ ದಾರಿಯನ್ನು ತನ್ನದೇ ಚಿತ್ರದ ಮೇಲೆ ನಡೆಸುತ್ತಿದ್ದಳು. ಮೇಲಿನ ನಳಿಕೆಯಿಂದ ಇಳಿದಳು, ಬಲ ಹೃತ್ಕರ್ಣ ದಾಟಿದಳು, ಕವಾಟದ ಎರಡು ದಳಗಳ ನಡುವೆ ನುಸುಳಿದಳು. ಬುಡ ಅದಲು ಬದಲಾದ ಕಡೆ ನಕ್ಕು, ಗಾಳಿಯಲ್ಲೇ ಹಾರಿ ಶ್ವಾಸಕೋಶ ಮುಟ್ಟಿದಳು. ಅಲ್ಲಿಂದ ಎಡ ಹೃತ್ಕರ್ಣಕ್ಕೆ ಬರಲು ಹೋದ ಪೆನ್ಸಿಲ್ ಗೋಡೆಗೆ ತಾಗಿ ನಿಂತಿತು. ಅತ್ತ ಸರಿಸಿದಳು, ಇತ್ತ ಸರಿಸಿದಳು.

‘ಸರ್, ಇಲ್ಲಿ ಒಳಗೆ ಬರೋಕೆ ಬಾಗಿಲೇ ಇಟ್ಟಿಲ್ಲ ನಾನು.’

ಹೌದು. ಪುಪ್ಪುಸಕ ಅಭಿಧಮನಿಗಳನ್ನು ಹೊರಗಡೆ ಅಂದವಾಗಿ ಬರೆದಿದ್ದಳು, ಎರಡೆರಡರಂತೆ ನಾಲ್ಕು. ಒಂದೂ ಕೋಣೆಯೊಳಕ್ಕೆ ತೆರೆದುಕೊಂಡಿರಲಿಲ್ಲ. ತಿದ್ದಿದವರ ಕಣ್ಣಿಗೂ ಅದು ಬಿದ್ದಿರಲಿಲ್ಲ, ನಿಜ ಹೇಳಬೇಕೆಂದರೆ ನನ್ನ ಕಣ್ಣಿಗೂ.

ತಾಯಿ ಕೈಚಾಚಿ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿದರು. ‘ಮರುಮೌಲ್ಯಮಾಪನ ಏನೂ ಬೇಡ ಬಿಡಿ ಮೇಷ್ಟ್ರೇ. ಎರಡು ಕೊಟ್ಟಿದ್ದಾರಲ್ಲ, ಇರಲಿ.’