ನರ ಕಂಡ ಕೂಡಲೇ ರೂಟ್ ಕೆನಾಲ್ ಬೇಕೆ?

ಹುಳುಕು ತೆಗೆಯುತ್ತಾ ಹೋದಂತೆ ಕುಳಿಯ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ಜಾಗದಿಂದ ರಕ್ತ ಜಿನುಗುತ್ತದೆ. ಬಿಡಿಎಸ್ ಕೊನೆಯ ವರ್ಷದ ವಿದ್ಯಾರ್ಥಿಯ ಕೈ ಅಲ್ಲೇ ನಿಲ್ಲುತ್ತದೆ. ‘ನರ ಓಪನ್ ಆಯ್ತು, ಇನ್ನು ರೂಟ್ ಕೆನಾಲೇ ಗತಿ’ ಎಂಬುದು ಬಹಳ ಕಾಲದಿಂದ ಕ್ಲಿನಿಕ್ಕುಗಳಲ್ಲಿ ಕೇಳಿಬರುವ ಮಾತು. ಆದರೆ ಆ ಹಲ್ಲಿನ ಹಣೆಬರಹವನ್ನು ನಿರ್ಧರಿಸುವುದು ನರ ಕಂಡಿತೋ ಇಲ್ಲವೋ ಎಂಬುದಲ್ಲ, ಆಮೇಲೆ ಆ ರಕ್ತ ಹೇಗೆ ನಡೆದುಕೊಳ್ಳುತ್ತದೆ ಎಂಬುದು.

ನಾವು ಬಾಯಿಮಾತಿನಲ್ಲಿ ನರ ಎನ್ನುವುದು ನರವೊಂದೇ ಅಲ್ಲ. ಹಲ್ಲಿನ ಒಳಗಿರುವ ಮೃದುವಾದ ತಿರುಳು ಅದು. ಅದರಲ್ಲಿ ರಕ್ತನಾಳಗಳಿವೆ, ರೋಗನಿರೋಧಕ ಕೋಶಗಳಿವೆ, ಹೊಸ ಡೆಂಟಿನ್ ಕಟ್ಟಬಲ್ಲ ಕೋಶಗಳಾಗಿ ಬದಲಾಗುವ ಕಾಂಡಕೋಶಗಳೂ ಇವೆ. ಗಾಯವಾದರೆ ತಿರುಳು ತಾನೇ ಅದರ ಮೇಲೆ ಗಟ್ಟಿ ಪದರ ಕಟ್ಟಿಕೊಳ್ಳಬಲ್ಲದು. ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ ಇಲಿಗಳ ದವಡೆಹಲ್ಲು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಯಾವ ಔಷಧವನ್ನೂ ಹಾಕಲಿಲ್ಲ. ಮಾಮೂಲಿ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ, ಕುಳಿಯೊಳಗೆ ತಿಂದ ಆಹಾರ ಸಿಕ್ಕಿಕೊಂಡಿದ್ದರೂ, ತಿರುಳು ಬದುಕಿ ಮೇಲೆ ಡೆಂಟಿನ್ ಸೇತುವೆ ಬೆಳೆಯಿತು. ತಿರುಳನ್ನು ಕೊಲ್ಲುವುದು ಸೂಕ್ಷ್ಮಾಣುಗಳು, ಬರೀ ತೆರೆದುಕೊಳ್ಳುವಿಕೆಯಲ್ಲ. ಜೀವಂತ ತಿರುಳಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ತಿಳಿವಿನ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತೊಂಬತ್ತರ ಹುಡುಗಿ, ಕೆಳದವಡೆಯ ಎಡಗಡೆ ಮೊದಲ ದವಡೆಹಲ್ಲು. ಎಕ್ಸ್‌ರೇಯಲ್ಲಿ ಹುಳುಕು ಡೆಂಟಿನ್ನಿನ ಪೂರ್ತಿ ದಪ್ಪವನ್ನು ದಾಟಿದಂತಿದೆ, ತಿರುಳಿಗೂ ಅದಕ್ಕೂ ನಡುವೆ ಬಿಳಿ ಗೆರೆ ಕಾಣುತ್ತಿಲ್ಲ. ಬೇರಿನ ತುದಿಯಲ್ಲಿ ಕಪ್ಪು ನೆರಳಿಲ್ಲ. ‘ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ ಡಾಕ್ಟ್ರೇ, ಸ್ವಲ್ಪ ಹೊತ್ತಿಗೆ ತಾನಾಗೇ ಹೋಗುತ್ತೆ’ ಎನ್ನುತ್ತಾಳೆ. ‘ರಾತ್ರಿ ನೋವಿಗೆ ಎಚ್ಚರ ಆಗುತ್ತೇನಮ್ಮಾ?’ ಎಂದರೆ ಇಲ್ಲ ಎನ್ನುತ್ತಾಳೆ. ತಣ್ಣನೆಯ ಸ್ಪ್ರೇ ಹೊಡೆದ ಹತ್ತಿಯನ್ನು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ, ಆಮೇಲೆ ಈ ಹಲ್ಲಿಗೆ ಮುಟ್ಟಿಸಿದರೆ ಇಲ್ಲಿ ನೋವು ಜೋರು, ಆದರೆ ಹತ್ತಿ ತೆಗೆದ ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ತಟ್ಟಿದರೆ ನೋವಿಲ್ಲ. ತಿರುಳು ಕೆರಳಿದೆ, ಸತ್ತಿಲ್ಲ.

ಎಕ್ಸ್‌ರೇಯಲ್ಲಿ ತಿರುಳಿನ ಮೇಲೆ ಗಟ್ಟಿ ಡೆಂಟಿನ್ನಿನ ಪಟ್ಟಿ ಉಳಿದಿದ್ದರೆ ತಿರುಳನ್ನು ತೆರೆಯುವ ಗೋಜಿಗೇ ಹೋಗಬಾರದಿತ್ತು. ಕುಳಿಯ ಅಂಚುಗಳನ್ನು ಗಟ್ಟಿ ಹಲ್ಲು ಸಿಗುವವರೆಗೆ ಶುಚಿ ಮಾಡಿ, ತಿರುಳಿನ ನೆತ್ತಿಯ ಮೇಲಿನ ಮೆತ್ತನೆಯ ಡೆಂಟಿನ್ನನ್ನು ಹಾಗೇ ಬಿಟ್ಟು, ಮೇಲೆ ಭದ್ರವಾಗಿ ಮುಚ್ಚಿದರೆ ಸಾಕು. ಹೊರಗಿನಿಂದ ಆಹಾರ ಬರದ ಸೂಕ್ಷ್ಮಾಣುಗಳು ಒಳಗೇ ಸೊರಗುತ್ತವೆ. ತಳದ ಹುಳುಕನ್ನು ಕಡೆಯ ಕಣದವರೆಗೂ ಕೆರೆಯಬೇಕೆಂಬ ಹಳೆಯ ಹಟದಿಂದ ಎಷ್ಟೋ ಆರೋಗ್ಯವಂತ ತಿರುಳುಗಳು ಸುಮ್ಮನೆ ಬಯಲಾಗಿವೆ.

ನಮ್ಮ ಹುಡುಗಿಯ ಹಲ್ಲಿನಲ್ಲಿ ಆ ಪಟ್ಟಿ ಇಲ್ಲ. ಹಾಗಾಗಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರಬ್ಬರ್ ಡ್ಯಾಮ್ ಹಾಕಿಯೇ ಕೆಲಸ ಶುರು. ಡ್ಯಾಮ್ ಇಲ್ಲದಿದ್ದರೆ ಎಂಜಲು ಒಳಗೆ ಸೇರುತ್ತದೆ, ಇಲಿಗಳ ಪಾಠ ಅಲ್ಲಿಗೆ ವ್ಯರ್ಥ. ಸುತ್ತಲಿನ ಹುಳುಕನ್ನು ಮೊದಲು ಪೂರ್ತಿ ತೆಗೆದು, ಬರ್ ಬದಲಿಸಿ, ಕೊನೆಗೆ ತಿರುಳಿನ ಹತ್ತಿರ ಹೋಗಬೇಕು. ರಕ್ತ ಕಂಡ ಮೇಲೆ, ಹುಳುಕಿನ ಪಕ್ಕದಲ್ಲೇ ಇದ್ದ ತಿರುಳಿನ ಮೇಲ್ಪದರ ಊದಿಕೊಂಡಿರುತ್ತದೆಂದು ತಿಳಿದು, ಹೊಸ ಡೈಮಂಡ್ ಬರ್‌ನಿಂದ ಧಾರಾಳವಾಗಿ ನೀರು ಹಾಯಿಸುತ್ತಾ ಎರಡು ಮಿಲಿಮೀಟರಿನಷ್ಟು ತಿರುಳನ್ನು ತೆಗೆಯುತ್ತೇವೆ. ಪೆಟ್ಟಿನಿಂದ ಮುರಿದ ಮುಂಭಾಗದ ಹಲ್ಲುಗಳಿಗೆ ಸ್ವೀಡನ್ನಿನ ಮಿಯೋಮಿರ್ ಸ್ವೆಕ್ 1978ರಲ್ಲಿ ವಿವರಿಸಿದ ವಿಧಾನ ಇದು. ಭಾಗಶಃ ಪಲ್ಪಾಟಮಿ ಎಂದು ಹೆಸರು.

ಈಗ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಗಾಯದ ಮೇಲೆ ಮೆಲ್ಲಗಿಟ್ಟು, ಒತ್ತದೆ, ಗಡಿಯಾರ ನೋಡಬೇಕು. ಐದು ನಿಮಿಷದೊಳಗೆ ರಕ್ತ ನಿಂತು, ತಿರುಳು ತಿಳಿಗೆಂಪಾಗಿ ಹಸಿಯಾಗಿ ಕಂಡರೆ ಉಳಿದ ತಿರುಳು ಗಟ್ಟಿಯಾಗಿದೆ ಎಂದು ನಂಬಬಹುದು. ಕೆಲವರು ಹತ್ತು ನಿಮಿಷದವರೆಗೂ ಕಾಯುತ್ತಾರೆ. ನಿಲ್ಲದೆ ಕಡುಗೆಂಪಾಗಿ ಉಕ್ಕುತ್ತಿದ್ದರೆ ಊತ ಇನ್ನೂ ಆಳದಲ್ಲಿದೆ ಎಂದರ್ಥ. ಆಗ ಬೇರುಗಳ ಬಾಯಿಯವರೆಗೆ ತಿರುಳು ತೆಗೆದು ಮತ್ತೆ ಕಾಯಬೇಕು. ಅಲ್ಲೂ ನಿಲ್ಲದಿದ್ದರೆ ರೂಟ್ ಕೆನಾಲ್. ಕತ್ತರಿಸಿದ ಜಾಗದಿಂದ ರಕ್ತವೇ ಬರದೆ ಒಣಗಿಯೋ ಹಳದಿಯಾಗಿಯೋ ಕಂಡರೆ ಅದೂ ಕೆಟ್ಟ ಲಕ್ಷಣವೇ, ಅಲ್ಲಿ ತಿರುಳು ಸತ್ತಿದೆ. ರಕ್ತ ನಿಲ್ಲಿಸಲು ಅವಸರಪಟ್ಟು ಫೆರಿಕ್ ಸಲ್ಫೇಟ್‌ನಂಥ ದ್ರಾವಣ ಬಳಸಿದರೆ ಹಲ್ಲು ನಮಗೆ ಹೇಳುತ್ತಿದ್ದ ಸುದ್ದಿಯನ್ನೇ ಮುಚ್ಚಿಹಾಕಿದಂತೆ.

ವಸ್ತುಗಳ ಮಾತು ಬರುವುದು ಇಷ್ಟಾದ ಮೇಲೆ. ಬಹುಕಾಲ ಇಲ್ಲಿ ರಾಜ್ಯವಾಳಿದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ಪಿಎಚ್ ಸುಮಾರು 12.5. ತಾಗಿದ ಜಾಗದಲ್ಲಿ ತಿರುಳಿನ ತೆಳುಪದರವನ್ನು ಸುಡುತ್ತದೆ, ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಆ ಸುಟ್ಟ ಪದರದ ಕೆಳಗೆ ಸೇತುವೆ ಕಟ್ಟಲು ಕೋಶಗಳನ್ನು ಎಬ್ಬಿಸುತ್ತದೆ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ, ವರ್ಷಗಳು ಕಳೆದಂತೆ ಕರಗುತ್ತದೆ. ಅದರಡಿ ಬೆಳೆದ ಸೇತುವೆಯಲ್ಲಿ ಸುರಂಗದಂಥ ರಂಧ್ರಗಳು ಉಳಿಯುವುದುಂಟು. ಮೇಲಿನ ಫಿಲ್ಲಿಂಗ್ ಸೋರಿದ ದಿನ ಸೂಕ್ಷ್ಮಾಣುಗಳಿಗೆ ದಾರಿ ಅದೇ.

1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಬೆಳಕಿಗೆ ತಂದ ಎಂಟಿಎ ಈ ಕೊರತೆಯನ್ನು ನೀಗಿತು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ ಪುಡಿ ಇದು. ಒದ್ದೆಯಲ್ಲೇ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬಿಡುತ್ತದೆ, ಆದರೆ ಸಿಮೆಂಟಾಗಿ ಹಾಗೇ ನಿಲ್ಲುತ್ತದೆ. ತೊಂದರೆ ಎರಡು. ಮೊದಲ ತಲೆಮಾರಿನ ಎಂಟಿಎ ಗಟ್ಟಿಯಾಗಲು ಎರಡೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಕಾಣಲೆಂದು ಸೇರಿಸಿದ ಬಿಸ್ಮತ್ ಆಕ್ಸೈಡ್, ಹೈಪೋಕ್ಲೋರೈಟ್ ತಾಗಿದರೆ ಕಪ್ಪಾಗಿ ಹಲ್ಲಿಗೆ ಬಣ್ಣ ಹಿಡಿಸುತ್ತದೆ. ಮುಂಭಾಗದ ಹಲ್ಲಿಗೆ ಅದನ್ನು ಹಾಕದಿರುವುದೇ ಒಳಿತು.

ಬಯೋಡೆಂಟಿನ್ನಿನಲ್ಲಿ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ. ಅದರ ದ್ರವದಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್‌ನಿಂದಾಗಿ ಸುಮಾರು ಹನ್ನೆರಡು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನಮ್ಮ ಹುಡುಗಿಯ ಹಲ್ಲಿಗೆ ನಾನು ಇದನ್ನೇ ಆರಿಸುತ್ತೇನೆ. ಕ್ಯಾಪ್ಸೂಲಿಗೆ ಐದು ಹನಿ ದ್ರವ ಹಾಕಿ, ಯಂತ್ರದಲ್ಲಿ ಮೂವತ್ತು ಸೆಕೆಂಡು ಕಲಸಿ, ಗಾಯದ ಮೇಲೆ ಒತ್ತದೆ ಇಳಿಸುವುದು. ಹನಿ ಹೆಚ್ಚಾದರೆ ತೆಳ್ಳಗಾಗಿ ಬಲ ಕಳೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಅದು ಡೆಂಟಿನ್ನಿನಷ್ಟೇ ಮಸುಕು, ಹಾಗಾಗಿ ಮುಂದೆ ನೋಡುವ ಡಾಕ್ಟರು ಹುಳುಕು ಉಳಿದಿದೆ ಎಂದುಕೊಳ್ಳದಂತೆ ಕೇಸ್ ಪೇಪರಿನಲ್ಲಿ ವಸ್ತುವಿನ ಹೆಸರನ್ನು ಬರೆದಿಡಬೇಕು. ಅದು ಗಟ್ಟಿಯಾದ ಮೇಲೆ ಅದೇ ದಿನ ಕಾಂಪೋಸಿಟ್ ಫಿಲ್ಲಿಂಗ್. ಎಷ್ಟೇ ದುಬಾರಿ ವಸ್ತು ಹಾಕಿದರೂ ಮೇಲಿನ ಮುಚ್ಚಳ ಸೋರಿದರೆ ಹಲ್ಲು ಕೈಬಿಡುತ್ತದೆ. ತಾತ್ಕಾಲಿಕ ಫಿಲ್ಲಿಂಗ್ ಹಾಕಿ ‘ಮುಂದಿನ ತಿಂಗಳು ಬಾರಮ್ಮಾ’ ಎಂದು ಕಳಿಸುವ ರೂಢಿ ನನಗೆ ಸುತರಾಂ ಒಪ್ಪಿಗೆಯಿಲ್ಲ.

ಮೊದಲ ಒಂದೆರಡು ದಿನ ಸಣ್ಣ ನೋವಿರಬಹುದು, ಮಾಮೂಲಿ ನೋವಿನ ಮಾತ್ರೆ ಸಾಕು. ಆಂಟಿಬಯಾಟಿಕ್ ಬೇಕಿಲ್ಲ. ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಕರೆಸಿ ತಣ್ಣನೆಯ ಪರೀಕ್ಷೆ ಮತ್ತು ಎಕ್ಸ್‌ರೇ. ಬೇರುಗಳ ಬಾಯಿಯವರೆಗೆ ತಿರುಳು ತೆಗೆದಿದ್ದರೆ ಹಲ್ಲು ತಣ್ಣಗೆ ಸ್ಪಂದಿಸುವುದಿಲ್ಲ, ಅಲ್ಲಿ ಎಕ್ಸ್‌ರೇಯನ್ನೂ ರೋಗಿಯ ಮಾತನ್ನೂ ನೆಚ್ಚಿಕೊಳ್ಳಬೇಕು. ತಣ್ಣನೆಯದು ತಾಗಿದ ಮೇಲೆ ನಿಮಿಷಗಟ್ಟಲೆ ಉಳಿಯುವ ನೋವು, ಒಸಡಿನ ಮೇಲೆ ಗುಳ್ಳೆ, ಬೇರಿನ ತುದಿಯಲ್ಲಿ ಹೊಸ ಕಪ್ಪು ನೆರಳು, ಇವುಗಳಲ್ಲಿ ಯಾವುದು ಕಂಡರೂ ಚಿಕಿತ್ಸೆ ಸೋತಿದೆ ಎಂದರ್ಥ. ಆಗ ಬಯೋಡೆಂಟಿನ್ ಕೊರೆದು ತೆಗೆದು ರೂಟ್ ಕೆನಾಲ್ ಮಾಡಬಹುದು. ಈ ಮಾತನ್ನು ಹುಡುಗಿಗೂ ಅವಳ ತಾಯಿಗೂ ಮೊದಲ ದಿನವೇ, ಇಂಜೆಕ್ಷನ್ ಕೊಡುವ ಮುಂಚೆಯೇ ಹೇಳಿರಬೇಕು.