ಬೋರ್‌ವೆಲ್ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ?

ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿದವರಿಗೆ ಈ ಅನುಮಾನ ಸಹಜ. ಆದರೆ ಆ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಕಾದು ಇಂಗಾಲದ ಡೈಆಕ್ಸೈಡ್ ಹೊರಹೋದಾಗ ತಳ ಹಿಡಿಯುವ ಸುಣ್ಣ. ಕಿಡ್ನಿಯ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಪಾಲಕ್‌ನಂಥ ಸೊಪ್ಪಿನಲ್ಲಿ ಹೇರಳವಾಗಿರುವ ಆಕ್ಸಲೇಟ್, ಊಟದ ಜೊತೆ ಕ್ಯಾಲ್ಸಿಯಂ ಸಿಕ್ಕರೆ ಕರುಳಿನಲ್ಲೇ ಅದಕ್ಕೆ ಅಂಟಿಕೊಂಡು ಮಲದೊಡನೆ ಹೋಗುತ್ತದೆ. ಮೂತ್ರಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಸುಮಾರು 45,000 ಗಂಡಸರನ್ನು ಗಮನಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ತಿಂದವರಿಗೇ ಕಲ್ಲು ಕಡಿಮೆ ಕಂಡದ್ದು ಇದಕ್ಕೆ ಹೊಂದುತ್ತದೆ.

ಹಾಗಾದರೆ ಬೋರ್‌ವೆಲ್‌ನ ಗಡಸು ನೀರು ಔಷಧಿಯೇ? ಅಲ್ಲ. ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಕ್ಯಾಲ್ಸಿಯಂಗೆ ಹಿಡಿಯಲು ಆಕ್ಸಲೇಟ್ ಇರದು. ಅದರಲ್ಲೊಂದು ಪಾಲು ರಕ್ತ ಸೇರಿ ಮೂತ್ರದ ಕ್ಯಾಲ್ಸಿಯಂ ಏರಿಸುತ್ತದೆ. ಈ ಆಕ್ಷೇಪ ನಿಜವೇ, ಆದರೆ ಪ್ರಮಾಣ ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರಿನಲ್ಲಿ, ಅದೆಲ್ಲ ಕ್ಯಾಲ್ಸಿಯಂನಿಂದಲೇ ಎಂದುಕೊಂಡರೂ, ಲೀಟರಿಗೆ ಇರುವ ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ: ಒಂದು ಸಣ್ಣ ಲೋಟ ಹಾಲಿನಷ್ಟು. ಮೆಗ್ನೀಸಿಯಂ ಬೆರೆತಿದ್ದರೆ ಇನ್ನೂ ಕಡಿಮೆ. ಇಟಲಿಯಲ್ಲಿ ಒಮ್ಮೆ ಕಲ್ಲಾದವರನ್ನು ಐದು ವರ್ಷ ಗಮನಿಸಿದಾಗ, ದಿನಕ್ಕೆ ಎರಡು ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 27 ಮಂದಿಗೆ ಕಲ್ಲು ಮರಳಿತು. ಗಡಸಿಗೆ ಹೆದರಿ ಕಡಿಮೆ ಕುಡಿಯುವುದೇ ದೊಡ್ಡ ಅಪಾಯ. ಮೂತ್ರದ ಕ್ಯಾಲ್ಸಿಯಂ ಮೊದಲೇ ಹೆಚ್ಚಿರುವವರು ಮಾತ್ರ 24 ಗಂಟೆಯ ಮೂತ್ರ ಪರೀಕ್ಷೆ ನೋಡಿ ವೈದ್ಯರೊಡನೆ ನೀರನ್ನು ಆರಿಸಿಕೊಳ್ಳಲಿ.