ಮೊದಲು ಅಡ್ಡ, ಆಮೇಲೆ ಉದ್ದ

ಎಂಆರ್‌ಐ ಯಂತ್ರ ಫೋಟೊ ತೆಗೆಯುವುದಿಲ್ಲ. ಅದಕ್ಕೆ ಸಿಗುವುದು ರೇಡಿಯೊ ಸಂಕೇತ. ಅದನ್ನು ಅಳೆದು ಬರೆದಿಟ್ಟರೆ ಅಂಕಿಗಳ ಒಂದು ಕೋಷ್ಟಕವಾಗುತ್ತದೆ; 256 ಅಡ್ಡಸಾಲು, 256 ಕಂಬಸಾಲು ಎಂದಿಟ್ಟುಕೊಳ್ಳಿ. ಆ ಕೋಷ್ಟಕವನ್ನು ಮಿದುಳಿನ ಚಿತ್ರವಾಗಿಸುವುದು ಎರಡು ಆಯಾಮದ ಫೂರಿಯೆ ಪರಿವರ್ತನೆ, ಅಂದರೆ ಡಿಎಫ್‌ಟಿ. ಈ ದಾರಿ ತೋರಿಸಿದ 1975ರ ಪ್ರಬಂಧದ ಮೂವರು ಲೇಖಕರಲ್ಲಿ ಮೊದಲ ಹೆಸರು ಅನಿಲ್ ಕುಮಾರ್ ಅವರದು. ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಜೊತೆ ಆ ಕೆಲಸ ಮಾಡಿದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು.

ಸೂತ್ರವನ್ನು ಇದ್ದ ಹಾಗೇ ಪಾಲಿಸಿದರೆ ಚಿತ್ರದ ಒಂದೊಂದು ಚುಕ್ಕಿಗೂ ಕೋಷ್ಟಕದ ಎಲ್ಲ ಅಂಕಿಗಳನ್ನೂ ಒಂದೊಂದು ಅಲೆಯ ಬೆಲೆಯಿಂದ ಗುಣಿಸಿ ಕೂಡಬೇಕು. ಚುಕ್ಕಿಗಳು 65,536, ಅಂಕಿಗಳೂ ಅಷ್ಟೇ. ಒಟ್ಟು ಸುಮಾರು 429 ಕೋಟಿ ಗುಣಾಕಾರ, ಅದೂ ತಲೆಯ ಒಂದೇ ಪದರಕ್ಕೆ.

ಇಷ್ಟೊಂದು ಬೇಕಿಲ್ಲ. ಏಕೆಂದರೆ ಗುಣಿಸುವ ಅಲೆ ಎರಡು ತುಂಡಾಗಿ ಒಡೆಯುತ್ತದೆ:

```
e^(-2πi(ux+vy)/N) = e^(-2πiux/N) · e^(-2πivy/N)
```

ಒಂದು ತುಂಡಿಗೆ ಅಡ್ಡದಿಕ್ಕು ಮಾತ್ರ ಗೊತ್ತು, ಇನ್ನೊಂದಕ್ಕೆ ಉದ್ದದಿಕ್ಕು ಮಾತ್ರ. ಹಾಗಾಗಿ ಅಡ್ಡಸಾಲಿನೊಳಗಿನ ಮೊತ್ತವನ್ನು ಒಮ್ಮೆ ಮಾಡಿಟ್ಟುಕೊಂಡರೆ, ಉದ್ದದಿಕ್ಕಿನ ಎಲ್ಲ ಲೆಕ್ಕಕ್ಕೂ ಅದೇ ಸಾಕು. ನೇರ ಸೂತ್ರ ಮಾಡುತ್ತಿದ್ದುದು ಅದೇ ಮೊತ್ತವನ್ನು 256 ಸಲ ಹೊಸದಾಗಿ ಕಟ್ಟುವ ಕೆಲಸ. ಇಲ್ಲಿ ಒಡೆಯುವುದು ಅಲೆಯೇ ಹೊರತು ಚಿತ್ರವಲ್ಲ, ಆದ್ದರಿಂದ ಚಿತ್ರ ಎಂಥದ್ದಾದರೂ ಈ ಉಪಾಯ ನಡೆಯುತ್ತದೆ.

ಕೈಯಲ್ಲೇ ಮಾಡಿ ನೋಡಬಹುದು. ಮೇಲಿನ ಸಾಲಿನಲ್ಲಿ 1, 2. ಕೆಳಗಿನದರಲ್ಲಿ 3, 4 ಇರಲಿ. ಎರಡೇ ಅಂಕಿಗಳಿಗೆ ಡಿಎಫ್‌ಟಿ ಎಂದರೆ ಮೊತ್ತ ಮತ್ತು ವ್ಯತ್ಯಾಸ. ಅಡ್ಡಸಾಲುಗಳಿಂದ 3, −1 ಮತ್ತು 7, −1 ಬರುತ್ತವೆ. ಈಗ ಕಂಬಸಾಲುಗಳು: 3 ಮತ್ತು 7ರಿಂದ 10, −4; −1 ಮತ್ತು −1ರಿಂದ −2, 0. ಉತ್ತರದ ಮೇಲಿನ ಸಾಲು 10, −2. ಕೆಳಗಿನದು −4, 0. ಕಂಬಸಾಲಿನಿಂದ ಶುರು ಮಾಡಿದರೂ ಇದೇ ಉತ್ತರ.

ಮತ್ತೆ 256ಕ್ಕೆ ಬರೋಣ. ಒಂದು ಸಾಲಿನ ಡಿಎಫ್‌ಟಿಗೆ ಸಾದಾ ವಿಧಾನದಲ್ಲಿ 65,536 ಗುಣಾಕಾರ. ಅಡ್ಡ, ಉದ್ದ ಸೇರಿ 512 ಸಾಲು, ಒಟ್ಟು 3.36 ಕೋಟಿ. ಕೆಲಸ 128 ಪಟ್ಟು ಇಳಿಯಿತು, ಎಫ್‌ಎಫ್‌ಟಿಯನ್ನು ಇನ್ನೂ ಮುಟ್ಟಿಯೇ ಇಲ್ಲ! 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಆ ಚುರುಕು ವಿಧಾನದಲ್ಲಿ ಒಂದು ಸಾಲಿಗೆ 128×8, ಅಂದರೆ 1,024 ಗುಣಾಕಾರ ಸಾಕು. ಒಟ್ಟು 5.24 ಲಕ್ಷ, ಇನ್ನೂ 64 ಪಟ್ಟು ಇಳಿತ. ಎರಡೂ ಸೇರಿ 8,192 ಪಟ್ಟು. ಹೆಸರೆಲ್ಲ ಎಫ್‌ಎಫ್‌ಟಿಗೆ ಹೋಗುತ್ತದೆ, ಆದರೆ ಇಲ್ಲಿ ದೊಡ್ಡ ಪಾಲು ಸಾಲು ಬಿಡಿಸಿದ್ದರದು. ಕೋಷ್ಟಕ 16×16 ಇದ್ದಾಗ ಎರಡರ ಪಾಲೂ ಸಮ, ಎಂಟೆಂಟು ಪಟ್ಟು. ಅಲ್ಲಿಂದ ಮೇಲೆ ಸಾಲು ಬಿಡಿಸುವುದೇ ಮುಂದೆ.

ಪೈಥಾನ್‌ನಲ್ಲಿ ಇದು ಎರಡು ಸಾಲಿನ ಕೆಲಸ:

```python
A = np.fft.fft(f, axis=1)
F = np.fft.fft(A, axis=0)
```

ಎರಡನೆಯ ಸಲವೂ `axis=1` ಎಂದೇ ಬರೆದುಬಿಟ್ಟರೆ ಕೊಟ್ಟ ಕೋಷ್ಟಕವೇ ಎಡಬಲ ತಿರುಗಿ, 256 ಪಟ್ಟು ಹಿಗ್ಗಿ ವಾಪಸು ಬರುತ್ತದೆ. ಇದನ್ನು ಹಿಡಿಯುವುದು ಸುಲಭ: ಸರಿಯಾದ ಉತ್ತರದ ಮೊದಲ ಅಂಕಿ ಎಲ್ಲ ಅಂಕಿಗಳ ಮೊತ್ತಕ್ಕೆ ಸಮವಿರಬೇಕು, ನಮ್ಮ 10ರ ಹಾಗೆ. ಇನ್ನೊಂದು ತಪ್ಪು ಕಳ್ಳತನದ್ದು. ಮೊದಲ ಸುತ್ತಿನ ಸಂಮಿಶ್ರ ಸಂಖ್ಯೆಗಳ ಗಾತ್ರವನ್ನಷ್ಟೇ ಉಳಿಸಿಕೊಂಡು ಮುಂದೆ ಹೋದರೆ ನಮ್ಮ −2 ಸದ್ದಿಲ್ಲದೆ 2 ಆಗುತ್ತದೆ; ಮೊದಲ ಅಂಕಿ ಮಾತ್ರ 10 ಆಗಿಯೇ ಇರುತ್ತದೆ. ಆದ್ದರಿಂದ `np.fft.fft2(f)` ಉತ್ತರದ ಜೊತೆ ಇಡೀ ಕೋಷ್ಟಕವನ್ನೇ ಹೋಲಿಸಿ ನೋಡುವುದು ಕ್ಷೇಮ.

ಗುಣಾಕಾರದ ಎಣಿಕೆ ಎರಡೂ ಸುತ್ತಿನಲ್ಲಿ ಒಂದೇ ಆದರೂ ಸಮಯ ಒಂದೇ ಇರಬೇಕೆಂದಿಲ್ಲ. ಮೆಮೊರಿಯಲ್ಲಿ ಅಂಕಿಗಳು ಅಡ್ಡಸಾಲಾಗಿ ಕೂತಿರುತ್ತವೆ. ಸಾಮಾನ್ಯ ಪ್ರೊಸೆಸರ್ ಒಮ್ಮೆಗೆ 64 ಬೈಟ್ ತರುತ್ತದೆ, ಅಂದರೆ 8 ಬೈಟಿನ ಎಂಟು ಅಂಕಿ. ಒಂಟಿ ಕಂಬಸಾಲಿನಲ್ಲಿ ಇಳಿಯುವಾಗ ಅವುಗಳಲ್ಲಿ ಒಂದೇ ಕೆಲಸಕ್ಕೆ ಬರುತ್ತದೆ, ಏಳು ದಂಡ. ಅದಕ್ಕೇ ಜಾಣ ಪ್ರೋಗ್ರಾಂಗಳು ಎಂಟು ಕಂಬಸಾಲನ್ನು ಒಟ್ಟಿಗೆ ಹಿಡಿಯುತ್ತವೆ, ಇಲ್ಲವೇ ಕೋಷ್ಟಕದ ಅಡ್ಡ-ಉದ್ದವನ್ನು ಮೊದಲು ಅದಲುಬದಲು ಮಾಡುತ್ತವೆ.

ಎಂಆರ್‌ಐಯಲ್ಲಿ ಇನ್ನೊಂದು ಅನುಕೂಲವಿದೆ. ಸಾಧಾರಣ ಸ್ಕ್ಯಾನ್‌ನಲ್ಲಿ ಅಳತೆ ಒಂದೊಂದೇ ಅಡ್ಡಸಾಲಾಗಿ ಬರುವುದರಿಂದ, ಮುಂದಿನ ಸಾಲು ಬರುವಷ್ಟರಲ್ಲಿ ಬಂದ ಸಾಲಿನ ಎಫ್‌ಎಫ್‌ಟಿ ಮುಗಿಸಬಹುದು. ಕಂಬಸಾಲು ಮಾತ್ರ ಕೊನೆಯ ಸಾಲಿನವರೆಗೆ ಕಾಯಬೇಕು. ಆದರೆ ಕೆಲವು ಸ್ಕ್ಯಾನ್‌ಗಳು ಅಳತೆಯನ್ನು ಸುರುಳಿಯಾಗಿ ತೆಗೆಯುತ್ತವೆ. ಅಲ್ಲಿ ಅಡ್ಡಸಾಲೂ ಇಲ್ಲ, ಕಂಬಸಾಲೂ ಇಲ್ಲ. ಅಳತೆಗಳನ್ನು ಮೊದಲು ಲೆಕ್ಕಹಾಕಿ ಚೌಕಮನೆಗಳಿಗೆ ಕೂರಿಸಿದ ಮೇಲೆಯೇ ಈ ವಿಧಾನ ಕೆಲಸಕ್ಕೆ ಬರುತ್ತದೆ.